ಕೊನೆಯ ದಿನದಿಂದ ಶುರುವಾಗುವ ತೊಂಬತ್ತು ದಿನ

ಲೆಕ್ಕಪತ್ರ ವಿಭಾಗಕ್ಕೆ ಹೊಸಬರನ್ನು ಒಂದನೇ ತಾರೀಖಿಗೆ ಸೇರಿಸಿಕೊಳ್ಳುವುದು ನಮ್ಮಲ್ಲಿ ಬೆಳೆದುಬಂದ ರೂಢಿ. ಸಂಬಳದ ಲೆಕ್ಕಕ್ಕೆ ಅದು ಸಲೀಸು. ಆದರೆ ಕೆಲಸ ಕಲಿಸಬೇಕಾದ ಮ್ಯಾನೇಜರ್‌ಗೆ ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. 7ರೊಳಗೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್ಐ, 20ಕ್ಕೆ ಜಿಎಸ್‌ಟಿಆರ್-3ಬಿ. ಈ ಓಟದ ನಡುವೆ ಬಂದು ಕೂತ ಹೊಸಬರಿಗೆ ಸಿಗುವುದು ಒಂದು ಕುರ್ಚಿ, ಒಂದು ಹಳೆಯ ಫೈಲು ಮತ್ತು "ಸ್ವಲ್ಪ ಇದನ್ನ ನೋಡ್ತಾ ಇರಿ" ಎಂಬ ಮಾತು ಮಾತ್ರ. 20 ಕಳೆಯುವ ಹೊತ್ತಿಗೆ ಮೂರು ವಾರ ಮುಗಿದಿರುತ್ತದೆ.

ಹೊಸ ಕೆಲಸದ ಮೊದಲ ತೊಂಬತ್ತು ದಿನಗಳ ಬಗ್ಗೆ ಪುಸ್ತಕಗಳಿವೆ. ಮೈಕೆಲ್ ವಾಟ್ಕಿನ್ಸ್ 2003ರಲ್ಲಿ ಬರೆದ ಪ್ರಸಿದ್ಧ ಪುಸ್ತಕ ಹೊಸ ಹುದ್ದೆಗೆ ಕಾಲಿಡುವವರಿಗಾಗಿ ಬರೆದದ್ದು. ಎದುರಿನ ಮೇಜಿನಲ್ಲಿ ಕೂತವರ ಪಾಲಿನ ಕೆಲಸ ಬೇರೆಯೇ, ಮತ್ತು ಅದು ಆ ವ್ಯಕ್ತಿ ಬರುವ ಮೊದಲೇ ಶುರುವಾಗಬೇಕು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಬ್ಬಳ್ಳಿಯಲ್ಲಿ ಪೈಪು, ನಲ್ಲಿ, ಫಿಟ್ಟಿಂಗ್ಸ್ ಸಗಟು ಮಾರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ಬಿ.ಕಾಂ. ಮುಗಿಸಿ ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ದುಡಿದ ಹುಡುಗಿಯೊಬ್ಬಳು ಅಲ್ಲಿಗೆ ಅಕೌಂಟೆಂಟ್ ಆಗಿ ಬರುತ್ತಿದ್ದಾಳೆ.

ಮ್ಯಾನೇಜರ್ ಮೊದಲು ಬರೆಯಬೇಕಾದದ್ದು ಕೊನೆಯ ದಿನವನ್ನು. "ಚೆನ್ನಾಗಿ ಹೊಂದಿಕೊಳ್ಳಬೇಕು, ಜವಾಬ್ದಾರಿ ತೆಗೆದುಕೊಳ್ಳಬೇಕು" ಎಂದು ಬರೆದರೆ ಪ್ರಯೋಜನವಿಲ್ಲ, ಅದನ್ನು ಅಳೆಯಲು ಆಗುವುದಿಲ್ಲ. ಹೀಗೆ ಬರೆಯಬೇಕು: ಆಗಸ್ಟ್ ತಿಂಗಳ ಲೆಕ್ಕವನ್ನು ಆಕೆಯೇ ಮುಗಿಸಿ, 3ಬಿ ಅಂಕಿಗಳನ್ನು ಆಧಾರದ ಹಾಳೆಗಳ ಸಮೇತ ಸೆಪ್ಟೆಂಬರ್ 17ರೊಳಗೆ ನನ್ನ ಮುಂದೆ ಇಡಬೇಕು. ಈ ಒಂದು ವಾಕ್ಯ ಸಿಕ್ಕಿದರೆ ಉಳಿದದ್ದನ್ನು ಹಿಂದಕ್ಕೆ ಎಣಿಸಬಹುದು. ಒಂದು ತಿಂಗಳ ಲೆಕ್ಕವನ್ನು ಒಬ್ಬಳೇ ಮುಗಿಸಬೇಕಾದರೆ ಅದಕ್ಕೂ ಮುಂಚಿನ ತಿಂಗಳನ್ನು ಮೇಲ್ವಿಚಾರಣೆಯಲ್ಲಿ ಮಾಡಿರಬೇಕು, ಅದಕ್ಕೂ ಮೊದಲಿನದನ್ನು ಪಕ್ಕದಲ್ಲಿ ಕೂತು ನೋಡಿರಬೇಕು. ಅಂದರೆ ತೊಂಬತ್ತು ದಿನದಲ್ಲಿ ಮೂರು ಪೂರ್ತಿ ಸುತ್ತು ಹಿಡಿಸಬೇಕು. ಜೂನ್ 22ಕ್ಕೆ ಸೇರಿಸಿಕೊಂಡರೆ ತೊಂಬತ್ತನೆಯ ದಿನ ಸೆಪ್ಟೆಂಬರ್ 19ಕ್ಕೆ ಬೀಳುತ್ತದೆ. ಜುಲೈ, ಆಗಸ್ಟ್, ಸೆಪ್ಟೆಂಬರಿನ ಮೂರು ಸುತ್ತೂ ಒಳಗೆ ಬರುತ್ತವೆ. ಜೊತೆಗೆ ಮೊದಲ ಒಂಬತ್ತು ದಿನ ಗಡುವುಗಳ ಗದ್ದಲ ಇಲ್ಲದ ದಿನಗಳು. ಸೇರುವ ದಿನವನ್ನು ಸಂಬಳದ ಅನುಕೂಲಕ್ಕೆ ಬಿಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಆಕೆ ಬರುವ ಮುನ್ನ ಟ್ಯಾಲಿಯಲ್ಲಿ ಆಕೆಯ ಹೆಸರಿನ ಯೂಸರ್ ತಯಾರಿರಬೇಕು. "ಸದ್ಯಕ್ಕೆ ನನ್ನ ಪಾಸ್‌ವರ್ಡ್ ಹಾಕಿಕೊಳ್ಳಿ" ಎನ್ನುವುದು ಬಹಳ ಕಡೆ ನಡೆಯುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮವಿದೆ. ಪಾಸ್‌ವರ್ಡ್ ಹಂಚಿಕೊಂಡರೆ ಹೊಸಬರ ತಪ್ಪು, ಮ್ಯಾನೇಜರ್ ತಪ್ಪು ಎರಡೂ ಒಂದೇ ಹೆಸರಿನಲ್ಲಿ ಕೂರುತ್ತವೆ. ಯಾರು ಏನು ಕಲಿತರು ಎಂದು ಆಮೇಲೆ ಹುಡುಕಲೂ ಆಗುವುದಿಲ್ಲ. ಇ-ವೇ ಬಿಲ್ ಪೋರ್ಟಲ್‌ನಲ್ಲೂ ಸಬ್-ಯೂಸರ್ ಮಾಡಿಕೊಡಲು ಅವಕಾಶವಿದೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಬೇಕಾದ ಡಿಜಿಟಲ್ ಸಹಿ ಮಾಲೀಕರ ಬಳಿ ಇದ್ದರೆ, ಅದನ್ನು ಯಾರನ್ನು ಕೇಳಿ ಹಾಕಿಸಬೇಕು ಎಂಬುದನ್ನೂ ಮೊದಲೇ ಹೇಳಿಡಬೇಕು.

ಮೊದಲ ವಾರಕ್ಕೆ ಕೊಡುವ ಕೆಲಸ ನಿಜವಾದದ್ದಾಗಿರಬೇಕು, ತಪ್ಪಾದರೆ ನಷ್ಟವಾಗಬಾರದು. ಮೇ ತಿಂಗಳ ಬ್ಯಾಂಕ್ ತಾಳೆಯನ್ನು ಮತ್ತೆ ಮಾಡಿಸುವುದು ಇದಕ್ಕೆ ಹೇಳಿ ಮಾಡಿಸಿದ ಕೆಲಸ. ಉತ್ತರ ಮ್ಯಾನೇಜರ್ ಬಳಿ ಇದೆ. ಚೆಕ್ ಯಾವುದು ಪಾಸಾಗಿಲ್ಲ, ಯಾವ ಗಿರಾಕಿ ರಿಯಾಯಿತಿಯನ್ನು ತಾನೇ ಕಳೆದುಕೊಂಡು ಹಣ ಹಾಕುತ್ತಾನೆ, ಯಾರ ಹಣ ಇನ್ನೊಂದು ಹೆಸರಿನ ಖಾತೆಯಿಂದ ಬರುತ್ತದೆ ಎಂಬುದೆಲ್ಲ ಅದರಲ್ಲೇ ಗೊತ್ತಾಗುತ್ತದೆ. ಆಡಿಟರ್ ಆಫೀಸಿನಿಂದ ಬಂದವಳಿಗೆ ರಿಟರ್ನ್ ತುಂಬುವುದು ಗೊತ್ತು. ಈ ಅಂಗಡಿಯ ಒಳಗುಟ್ಟು ಗೊತ್ತಿಲ್ಲ. ಅನುಭವಸ್ಥರನ್ನು ತೆಗೆದುಕೊಂಡೆವು, ಕಲಿಸುವ ಅಗತ್ಯವಿಲ್ಲ ಎಂದುಕೊಳ್ಳುವವರು ಮರೆಯುವುದು ಇದನ್ನೇ.

ನಿಜವಾದ ಕಲಿಕೆ 14ರಿಂದ 20ರ ನಡುವೆ. ಪೂರೈಕೆದಾರರು ಸಲ್ಲಿಸಿದ ಬಿಲ್ಲುಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ, 14ಕ್ಕೆ ಸಿಗುತ್ತದೆ. ಅದನ್ನು ನಮ್ಮ ಖರೀದಿ ಪುಸ್ತಕಕ್ಕೆ ತಾಳೆ ನೋಡಿ, ಎಷ್ಟು ತೆರಿಗೆಯನ್ನು ಮರಳಿ ಪಡೆಯಬಹುದು ಎಂದು ತೀರ್ಮಾನಿಸಬೇಕು. ಪೂರೈಕೆದಾರ ತಡ ಮಾಡಿದ್ದರೆ ಅವನ ಬಿಲ್ಲು ಈ ತಿಂಗಳ ಪಟ್ಟಿಯಲ್ಲಿ ಇರುವುದಿಲ್ಲ. ಅವನಿಗೆ ಫೋನ್ ಮಾಡಬೇಕೇ, ಮುಂದಿನ ತಿಂಗಳಿಗೆ ಬಿಡಬೇಕೇ? ಲಾರಿ ಬಾಡಿಗೆಯ ಮೇಲೆ ಟ್ರಾನ್ಸ್‌ಪೋರ್ಟ್‌ನವರೇ ತೆರಿಗೆ ಹಾಕಿದ್ದಾರೆಯೇ, ರಿವರ್ಸ್ ಚಾರ್ಜ್‌ನಲ್ಲಿ ನಾವು ಕಟ್ಟಬೇಕೇ? ಜುಲೈನಲ್ಲಿ ಮ್ಯಾನೇಜರ್ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡಬೇಕು, ಆಕೆ ಪಕ್ಕದಲ್ಲಿ ಬರೆದುಕೊಳ್ಳಬೇಕು. ಆಗಸ್ಟಿನಲ್ಲಿ ಆಕೆ ಮಾಡಬೇಕು, ಸಲ್ಲಿಸುವ ಮೊದಲು ಮ್ಯಾನೇಜರ್ ನೋಡಬೇಕು. ಒಮ್ಮೆ ಸಲ್ಲಿಸಿದ 3ಬಿಯನ್ನು ಬದಲಿಸಲು ಬರುವುದಿಲ್ಲ, ಹಾಗಾಗಿ ಈ ಪರಿಶೀಲನೆಯನ್ನು ಬಿಡುವಂತಿಲ್ಲ. ಆದರೆ ಪ್ರತಿ ಬಿಲ್ಲನ್ನೂ ಮತ್ತೆ ತೆರೆದು ನೋಡಿದರೆ ಆಕೆಗೆ ತನ್ನ ಮೇಲೆ ನಂಬಿಕೆ ಬರುವುದಿಲ್ಲ. ಲಾರಿ ಬಾಡಿಗೆ, ಕ್ರೆಡಿಟ್ ನೋಟು, ಹಕ್ಕಿಲ್ಲದ ಕಡೆ ಪಡೆದ ತೆರಿಗೆ, ಇಷ್ಟನ್ನು ನೋಡಿದರೆ ಸಾಕು.

ಇದಕ್ಕೆಲ್ಲ ಮ್ಯಾನೇಜರ್‌ನ ಸಮಯ ಬೇಕು, ಅದು ತಾನಾಗಿ ಸಿಗುವುದಿಲ್ಲ. ಮೊದಲ ಎರಡು ವಾರ ದಿನಾ ಸಂಜೆ ಅರ್ಧ ಗಂಟೆ, ಆಮೇಲೆ ವಾರಕ್ಕೊಮ್ಮೆ, ಜುಲೈ ಮತ್ತು ಆಗಸ್ಟಿನ 14ರಿಂದ 20ರವರೆಗೆ ಮತ್ತೆ ದಿನಾ. ಇದನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ತಮ್ಮ ಬೇರೊಂದು ಕೆಲಸವನ್ನು ಆ ಮೂರು ತಿಂಗಳ ಮಟ್ಟಿಗೆ ಇನ್ನೊಬ್ಬರಿಗೆ ಒಪ್ಪಿಸಬೇಕು. ನಾನು ನೋಡಿದ ಬಹುಪಾಲು ಯೋಜನೆಗಳು ಕುಸಿದದ್ದು ಈ ಜಾಗದಲ್ಲೇ: ಹೊಸಬರ ದಿನಚರಿ ತುಂಬಿತ್ತು, ಕಲಿಸುವವರ ದಿನಚರಿಯಲ್ಲಿ ಜಾಗವಿರಲಿಲ್ಲ.

ಕೆಲಸ ಹಿಡಿತಕ್ಕೆ ಬರುತ್ತಿದೆಯೇ ಎಂಬುದು ಆಕೆ ಕೇಳುವ ಪ್ರಶ್ನೆಗಳಲ್ಲಿ ಗೊತ್ತಾಗುತ್ತದೆ. ಮೊದಲ ವಾರಗಳಲ್ಲಿ "ಸರ್, ಆ ಬಿಲ್ಲು ಎಲ್ಲಿರುತ್ತೆ?" ಎನ್ನುವವಳು ಆಗಸ್ಟಿನ ಹೊತ್ತಿಗೆ "ಸರ್, ಇದನ್ನ ಮುಂದಿನ ತಿಂಗಳಿಗೆ ಬಿಟ್ಟಿದ್ದೀನಿ, ಸರಿನಾ?" ಎನ್ನುತ್ತಿದ್ದರೆ ದಾರಿ ಸರಿಯಿದೆ. ಪ್ರಶ್ನೆಗಳೇ ನಿಂತುಹೋದರೆ ಖುಷಿಪಡಬಾರದು; ಸಸ್ಪೆನ್ಸ್ ಖಾತೆ ತೆರೆದು ನೋಡಬೇಕು. ಎಲ್ಲಿ ಹಾಕಬೇಕೆಂದು ಗೊತ್ತಾಗದ ಮೊತ್ತಗಳೆಲ್ಲ ಅಲ್ಲಿ ಸೇರಿಕೊಂಡು ಬೆಳೆಯುತ್ತಿದ್ದರೆ, ಕೇಳಲು ಅಂಜುತ್ತಿದ್ದಾಳೆ ಎಂದೇ ಅರ್ಥ. ಆಗ ಬೈಯುವುದರಿಂದ ಖಾತೆ ಇನ್ನಷ್ಟು ಉಬ್ಬುತ್ತದೆ. ಪಕ್ಕದಲ್ಲಿ ಕೂತು ಒಂದೊಂದೇ ಮೊತ್ತವನ್ನು ಬಿಡಿಸಬೇಕು.

ಆಗಸ್ಟಿನಲ್ಲಿ ಲಾರಿ ಬಾಡಿಗೆಯ ತೆರಿಗೆ ಬಿಟ್ಟುಹೋಯಿತು ಎಂದುಕೊಳ್ಳಿ. ಮೊದಲು ಕೇಳಿಕೊಳ್ಳಬೇಕಾದದ್ದು, ಜುಲೈನಲ್ಲಿ ಇದನ್ನು ತೋರಿಸಿದ್ದೆನೇ, ಆ ತಿಂಗಳ ಲೆಕ್ಕದ ಹಾಳೆ ಆಕೆಯ ಕೈಗೆ ಸಿಗುವಂತಿತ್ತೇ ಎಂದು. ಇಲ್ಲವಾದರೆ ಆ ತಪ್ಪನ್ನು ಆಕೆಯ ಲೆಕ್ಕಕ್ಕೆ ಬರೆಯಬಾರದು. ತೋರಿಸಿಯೂ, ಹಾಳೆ ಇದ್ದೂ, ಅದೇ ಬಗೆಯ ತಪ್ಪುಗಳು ಮರುಕಳಿಸುತ್ತಿದ್ದರೆ ಆಗಸ್ಟ್ 20 ಮುಗಿದ ಕೂಡಲೇ, ಅಂದರೆ ಅರವತ್ತನೆಯ ದಿನದ ಆಸುಪಾಸಿನಲ್ಲೇ, ಏನು ಸರಿಯಿಲ್ಲ, ಸೆಪ್ಟೆಂಬರಿನಲ್ಲಿ ಏನು ಕಾಣಬೇಕು ಎಂದು ಸ್ಪಷ್ಟವಾಗಿ ಹೇಳಿ ಬರೆದು ಕೊಡಬೇಕು. ಸಂಕೋಚದಿಂದ ಸುಮ್ಮನಿದ್ದು ಕೊನೆಯ ದಿನ ಬೇಡವೆನ್ನುವುದು ಅನ್ಯಾಯ. ತಿದ್ದಿಕೊಳ್ಳಲು ಆಕೆಗೆ ಒಂದು ಪೂರ್ತಿ ಸುತ್ತು ಸಿಗಬೇಕು.

ಮೂರು ಸುತ್ತು ಸುಸೂತ್ರವಾಗಿ ಮುಗಿದರೂ ಈ ಯೋಜನೆಗೆ ಒಂದು ಮಿತಿಯಿದೆ. ಮಾರ್ಚ್ ಮುಕ್ತಾಯ, ದಾಸ್ತಾನು ಎಣಿಕೆ, ಆಡಿಟರ್‌ಗಳ ಪ್ರಶ್ನೆಗಳು ಈ ಮೂರು ತಿಂಗಳಲ್ಲಿ ಬರುವುದಿಲ್ಲ. ಆದ್ದರಿಂದ ಕಾಯಂ ಪತ್ರ ಕೊಡುವ ದಿನವೇ ಮಾರ್ಚ್ 15ರಿಂದ ಏಪ್ರಿಲ್ ಕೊನೆಯವರೆಗಿನ ವಾರಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಆಗಲೂ ಮೊದಲ ಬಾರಿ ಪಕ್ಕದಲ್ಲಿ ಕೂರುತ್ತೇನೆ ಎಂದು ಆಕೆಗೆ ಹೇಳಿಬಿಡಬೇಕು.