ಮೀಟರಿನ 15, ಸೆನ್ಸರಿನ 9

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ರಕ್ತ ಕೊಟ್ಟು, ಆಗಲೇ ಬೆರಳು ಚುಚ್ಚಿ ಮನೆಯ ಗ್ಲುಕೋಮೀಟರಿನಲ್ಲೂ ನೋಡಿದರೆ ಎರಡೂ ಕಡೆ ಒಂದೇ ಅಂಕಿ ಬರುವುದು ಅಪರೂಪ. ಲ್ಯಾಬಿನ ರಿಪೋರ್ಟಿನಲ್ಲಿ ಶುಗರ್ 142, ಮೀಟರಿನಲ್ಲಿ 158 ಅಂದುಕೊಳ್ಳಿ. ಮೀಟರ್ ಕೆಟ್ಟಿದೆ ಎಂದು ಅದನ್ನು ಕೊಂಡ ಮೆಡಿಕಲ್ ಸ್ಟೋರಿಗೆ ಹೋಗಿ ಜಗಳ ತೆಗೆಯುವವರಿದ್ದಾರೆ. ಆದರೆ ವ್ಯತ್ಯಾಸ 16. 142ಕ್ಕೆ ಅದು ಶೇಕಡಾ 11ರಷ್ಟು. ನಿಯಮದ ಪ್ರಕಾರ ಈ ಮೀಟರ್ ಪಾಸು.

ಆ ನಿಯಮದ ಹೆಸರು ಐಎಸ್‌ಒ 15197. 2003ರಲ್ಲಿ ಮೊದಲು ಬಂದಾಗ ಶೇಕಡಾ 20ರಷ್ಟು ತಪ್ಪಿಗೆ ಅವಕಾಶವಿತ್ತು. 2013ರಲ್ಲಿ ಬಿಗಿ ಮಾಡಿದರು. ಈಗಿನ ಲೆಕ್ಕದಲ್ಲಿ ನಿಜವಾದ ಶುಗರ್ 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೀಟರಿನ ಅಂಕಿ ಶೇಕಡಾ 15ರಷ್ಟು ಮೇಲೆ ಅಥವಾ ಕೆಳಗೆ ಇರಬಹುದು. 100ಕ್ಕಿಂತ ಕಡಿಮೆಯಿದ್ದರೆ ಶೇಕಡಾವಾರು ಲೆಕ್ಕ ಬಿಟ್ಟು, 15 ಮಿಲಿಗ್ರಾಂ ಎಂಬ ಸ್ಥಿರ ಮಿತಿ. ಅಂದರೆ ನಿಜವಾದ ಶುಗರ್ 200 ಇದ್ದಾಗ 170 ತೋರಿಸಿದರೂ 230 ತೋರಿಸಿದರೂ ಸರಿಯೇ. 80 ಇದ್ದಾಗ 65ರಿಂದ 95ರೊಳಗೆ ಬಂದರೆ ಸರಿ. ಅದೂ ನೂರಕ್ಕೆ 95 ಸಲ ಹೀಗಿದ್ದರೆ ಸಾಕು. ಉಳಿದ ಐದು ಹೊರಗೆ ಬೀಳಬಹುದು. ಆದರೆ ಬಿದ್ದ ತಪ್ಪು ಚಿಕಿತ್ಸೆಯನ್ನೇ ದಿಕ್ಕು ತಪ್ಪಿಸುವಷ್ಟು ದೊಡ್ಡದಾಗಿರಬಾರದು ಎಂದು ನೋಡುವ ಇನ್ನೊಂದು ಪರೀಕ್ಷೆಯೂ ಇದೆ. ನೂರರಲ್ಲಿ 99 ಅಂಕಿಗಳು ಅದನ್ನು ದಾಟಬೇಕು.

ಇಷ್ಟು ಸಡಿಲ ಯಾಕೆ ಎನ್ನಿಸಬಹುದು. ಒಂದು ತೊಟ್ಟು ರಕ್ತವನ್ನು ಕೆಲವೇ ಸೆಕೆಂಡಿನಲ್ಲಿ ಅಳೆಯುವ ಕಾಗದದಷ್ಟು ತೆಳು ಸ್ಟ್ರಿಪ್ಪಿಗೆ ಇದಕ್ಕಿಂತ ಹೆಚ್ಚು ಕೇಳುವುದು ಕಷ್ಟ. ಮೇಲಾಗಿ ಹೋಲಿಕೆಗೆ ನಿಂತ ಲ್ಯಾಬಿನ ಅಂಕಿಯೂ ದೇವರ ವಾಕ್ಯವಲ್ಲ. ಸೂಕ್ತ ಟ್ಯೂಬಿನಲ್ಲಿ ತೆಗೆಯದೆ, ಬೇಗ ಪರೀಕ್ಷೆಗೂ ಇಡದೆ ಬಿಟ್ಟರೆ ರಕ್ತದ ಕಣಗಳು ಅದರಲ್ಲಿರುವ ಗ್ಲುಕೋಸನ್ನು ಬಳಸುತ್ತಲೇ ಇರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಇನ್ನು ಮೀಟರಿನ ಕಡೆ ದೊಡ್ಡ ಕಳ್ಳ ನಮ್ಮ ಕೈಯೇ. ಮಾವಿನಹಣ್ಣು ಹೆಚ್ಚಿದ ಬೆರಳನ್ನು ಹಾಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರಿನಲ್ಲಿ ತೊಳೆದು ಒಣಗಿಸಬೇಕು.

ಇದು ಮೀಟರಿನ ಕಥೆ. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಕಂಪನಿಗಳ ಜಾಹೀರಾತಿನಲ್ಲಿ 15ರ ಬದಲು 8, 9, 11 ಎಂಬ ಅಂಕಿಗಳು ಕಾಣುತ್ತವೆ. ಅದಕ್ಕೆ ‘ಮಾರ್ಡ್’ ಎನ್ನುತ್ತಾರೆ. ಮೀಟರಿಗೆ 15, ಸೆನ್ಸರಿಗೆ 9, ಹಾಗಾದರೆ ಸೆನ್ಸರೇ ಹೆಚ್ಚು ನಿಖರ ಎಂದು ಅನೇಕರು ತಿಳಿಯುತ್ತಾರೆ. ಗಡಿಬಿಡಿ ಆಗುವುದು ಇಲ್ಲೇ. 15 ಎಂಬುದು ತಪ್ಪಿನ ಬೇಲಿ, ನೂರರಲ್ಲಿ 95 ಅಂಕಿಗಳು ಅದರೊಳಗಿರಬೇಕು. 9 ಎಂಬುದು ತಪ್ಪುಗಳ ಸರಾಸರಿ. ತಪ್ಪುಗಳು ಎರಡೂ ಕಡೆ ಸಮವಾಗಿ, ಸಾಮಾನ್ಯ ರೀತಿಯಲ್ಲಿ ಹರಡಿವೆ ಎಂದುಕೊಂಡು ಲೆಕ್ಕ ಹಾಕಿದರೆ, 15ರ ಬೇಲಿಯನ್ನು ಕಷ್ಟಪಟ್ಟು ಪಾಸಾದ ಮೀಟರಿನ ಸರಾಸರಿ ತಪ್ಪು ಶೇಕಡಾ 6ರ ಆಸುಪಾಸು ಬರುತ್ತದೆ. ಸರಾಸರಿ 9 ಇರುವ ಸೆನ್ಸರಿನ ಅಂಕಿಗಳಲ್ಲಾದರೆ ನೂರಕ್ಕೆ ಹದಿನೆಂಟರಷ್ಟು ಆ ಬೇಲಿ ದಾಟಿ ಹೋಗಿರುತ್ತವೆ.

ಮಾರ್ಡ್ ಲೆಕ್ಕ ಹಾಕುವುದು ಹೀಗೆ: ಸೆನ್ಸರ್ ಹಾಕಿಕೊಂಡವರ ರಕ್ತವನ್ನು ಆಗಾಗ ತೆಗೆದು ಅಳೆಯುತ್ತಾರೆ. ಅದೇ ಹೊತ್ತಿನ ಸೆನ್ಸರ್ ಅಂಕಿಯನ್ನು ಪಕ್ಕದಲ್ಲಿ ಬರೆಯುತ್ತಾರೆ. ಎರಡರ ನಡುವಿನ ವ್ಯತ್ಯಾಸ ರಕ್ತದ ಅಂಕಿಯ ಶೇಕಡಾ ಎಷ್ಟು ಎಂದು ನೋಡಿ, ಹೆಚ್ಚೋ ಕಡಿಮೆಯೋ ಎಂಬುದನ್ನು ಬಿಟ್ಟು, ಎಲ್ಲದರ ಸರಾಸರಿ ತೆಗೆಯುತ್ತಾರೆ.

ಎರಡು ಸೆನ್ಸರುಗಳನ್ನು ಇಟ್ಟುಕೊಂಡು ನಾವೇ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ನಾನು ಕಟ್ಟಿದವು. ರಕ್ತದಲ್ಲಿ ಐದು ಸಲ ಸಿಕ್ಕಿದ್ದು 60, 90, 120, 200, 280. ಮೊದಲ ಸೆನ್ಸರ್ ತೋರಿಸಿದ್ದು 72, 84, 126, 190, 294. ಮೊದಲ ಅಂಕಿಯಲ್ಲಿ ತಪ್ಪು ಶೇಕಡಾ 20, ಎರಡನೆಯದರಲ್ಲಿ ಸುಮಾರು 6.7, ಉಳಿದ ಮೂರರಲ್ಲಿ ತಲಾ 5. ಸರಾಸರಿ 8.3. ಎರಡನೆಯ ಸೆನ್ಸರ್ ತೋರಿಸಿದ್ದು 57, 81, 108, 176, 252. ಇಲ್ಲಿ ತಪ್ಪು 5, 10, 10, 12, 10, ಸರಾಸರಿ 9.4. ಮಾರ್ಡ್ ನೋಡಿ ಕೊಳ್ಳುವವರು ಮೊದಲನೆಯದನ್ನೇ ಆರಿಸುತ್ತಾರೆ.

ಆದರೆ 60ರ ಸಾಲನ್ನು ಮತ್ತೊಮ್ಮೆ ನೋಡಿ. 70ಕ್ಕಿಂತ ಕೆಳಗೆ ಇಳಿದರೆ ಶುಗರ್ ಕಡಿಮೆಯಾಗಿದೆ ಎಂದರ್ಥ. ಇನ್ಸುಲಿನ್ ತೆಗೆದುಕೊಳ್ಳುವವರು ತಕ್ಷಣ ಸಿಹಿ ತಿನ್ನಬೇಕು. 70ಕ್ಕೆ ಅಲಾರಂ ಇಟ್ಟುಕೊಂಡಿದ್ದರೆ ಮೊದಲ ಸೆನ್ಸರ್ 72 ತೋರಿಸಿ ಸುಮ್ಮನಿರುತ್ತದೆ. ಎರಡನೆಯದು 57 ತೋರಿಸಿ ಕೂಗಿಕೊಳ್ಳುತ್ತದೆ. ಹಾಗೆಂದು ಎರಡನೆಯದು ನಿರ್ದೋಷಿಯಲ್ಲ. ಅದು ಎಲ್ಲ ಕಡೆಯೂ ಕಡಿಮೆಯನ್ನೇ ತೋರಿಸುತ್ತಿದೆ, 280 ಇದ್ದಾಗ 252 ಎನ್ನುತ್ತಿದೆ. ಹೆಚ್ಚು ಕಡಿಮೆ ಎಂಬ ಭೇದವನ್ನು ಅಳಿಸಿಯೇ ಸರಾಸರಿ ತೆಗೆದಿದ್ದರಿಂದ ಈ ಒಂದೇ ಕಡೆಯ ವಾಲಿಕೆ 9.4ರಲ್ಲಿ ಕಾಣುವುದಿಲ್ಲ. ತಪ್ಪು ಎಲ್ಲಿದೆ, ಯಾವ ದಿಕ್ಕಿಗಿದೆ ಎಂಬ ಎರಡನ್ನೂ ಮಾರ್ಡ್ ಹೇಳುವುದಿಲ್ಲ.

ಕಂಪನಿಗಳ ಮಾರ್ಡ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಂತೂ ಇನ್ನೂ ತೊಡಕಿನ ಕೆಲಸ. ಫ್ರೀಸ್ಟೈಲ್ ಲಿಬ್ರೆಯ ಮೊದಲ ಆವೃತ್ತಿಗೆ 2015ರಲ್ಲಿ ಪ್ರಕಟವಾದ ಅಂಕಿ ಶೇಕಡಾ 11.4. ಅಲ್ಲಿ ಹೋಲಿಸಿದ್ದು ಬೆರಳು ಚುಚ್ಚಿದ ರಕ್ತದ ಮೀಟರ್ ಅಂಕಿಯೊಂದಿಗೆ. ಅಂದರೆ ಅಳತೆಗೋಲಿಗೇ ಅದರದೊಂದು ತಪ್ಪು ಇತ್ತು. ಬೇರೆ ಕಂಪನಿಗಳು ರಕ್ತನಾಳದಿಂದ ತೆಗೆದ ರಕ್ತವನ್ನು ಲ್ಯಾಬಿನ ಯಂತ್ರದಲ್ಲಿ ಅಳೆದು ಹೋಲಿಸುತ್ತವೆ. ಪರೀಕ್ಷೆಗೆ ಬಂದವರ ಶುಗರ್ ಹೆಚ್ಚು ಹೊತ್ತು 150, 180ರಲ್ಲೇ ನೆಮ್ಮದಿಯಾಗಿ ಇದ್ದರೆ ಮಾರ್ಡ್ ಚೆನ್ನಾಗಿ ಬರುತ್ತದೆ. ಊಟ, ಇನ್ಸುಲಿನ್ ಕೊಟ್ಟು ಏರಿಳಿಸಿದರೆ ಅದೇ ಸೆನ್ಸರಿನ ಮಾರ್ಡ್ ಕೆಡುತ್ತದೆ. ಕೆಳಗಿನ ಅಂಕಿಗಳಲ್ಲಿ ಶೇಕಡಾವಾರು ತಾನಾಗಿಯೇ ಉಬ್ಬುತ್ತದೆ: 12 ಮಿಲಿಗ್ರಾಂ ವ್ಯತ್ಯಾಸ 60ಕ್ಕೆ ಶೇಕಡಾ 20, 240ಕ್ಕೆ ಬರೀ 5. ಅಂಟಿಸಿದ ಮೊದಲ ದಿನದ ಅಂಕಿಗಳು ಸಾಮಾನ್ಯವಾಗಿ ಉಳಿದ ದಿನಗಳಷ್ಟು ಚೆನ್ನಾಗಿರುವುದಿಲ್ಲ. ಒಬ್ಬರ ಮೈಮೇಲೆಯೇ ಎರಡೂ ಸೆನ್ಸರ್ ಅಂಟಿಸಿ ಅದೇ ರಕ್ತಕ್ಕೆ ಹೋಲಿಸಿದ್ದರೆ ಮಾತ್ರ 8 ಮತ್ತು 9ರ ನಡುವಿನ ವ್ಯತ್ಯಾಸಕ್ಕೆ ಬೆಲೆ ಕೊಡಬಹುದು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ಎಫ್‌ಡಿಎ 2018ರಲ್ಲಿ ಸೆನ್ಸರುಗಳಿಗೆ ವಿಶೇಷ ನಿಯಮ ಮಾಡಿದಾಗ ಮಾರ್ಡ್‌ಗೆ ಮಿತಿ ಹಾಕಲೇ ಇಲ್ಲ. 70ಕ್ಕಿಂತ ಕೆಳಗೆ, 70ರಿಂದ 180ರವರೆಗೆ, 180ಕ್ಕಿಂತ ಮೇಲೆ ಎಂದು ಮೂರು ಭಾಗ ಮಾಡಿ, ಒಂದೊಂದರಲ್ಲೂ ನೂರಕ್ಕೆ ಎಷ್ಟು ಅಂಕಿ ಮಿತಿಯೊಳಗಿರಬೇಕು ಎಂದು ಕೇಳಿತು. ಸೆನ್ಸರ್ 70ಕ್ಕಿಂತ ಕಡಿಮೆ ತೋರಿಸುವಾಗ ರಕ್ತದಲ್ಲಿ 180 ದಾಟಿರಬಾರದು ಎಂಬ ಷರತ್ತೂ ಇದೆ. ಕೊಳ್ಳುವ ಮುನ್ನ ಕೇಳುವುದಾದರೆ ಕೇಳಬೇಕಾದ್ದು ಇದನ್ನೇ: 70ಕ್ಕಿಂತ ಕೆಳಗೆ ಈ ಸೆನ್ಸರ್ ಹೇಗಿದೆ? ಉತ್ತರ ಪೆಟ್ಟಿಗೆಯೊಳಗಿನ ಸಣ್ಣಕ್ಷರದ ಪುಸ್ತಿಕೆಯಲ್ಲಿ ಸಿಗಬಹುದು.

ಮನೆಯಲ್ಲಿ ಸೆನ್ಸರನ್ನು ಮೀಟರಿನ ಜೊತೆ ತಾಳೆ ನೋಡುವುದಾದರೆ ಹೊತ್ತು ನೋಡಿ ಮಾಡಬೇಕು. ಸೆನ್ಸರಿನ ತಂತು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ರಕ್ತದ ಗ್ಲುಕೋಸ್ ಅಲ್ಲಿಗೆ ತಲುಪಲು ಹಲವು ನಿಮಿಷ ಹಿಡಿಯುತ್ತದೆ. ಊಟವಾಗಿ ಅರ್ಧ ಗಂಟೆಗೆ ಎರಡನ್ನೂ ನೋಡಿದರೆ ಮೀಟರ್ 190, ಸೆನ್ಸರ್ 160 ಇರಬಹುದು. ಎರಡೂ ಸರಿಯೇ ಇರುತ್ತವೆ. ಬಾಣದ ಗುರುತು ಅಡ್ಡಕ್ಕೆ ನಿಂತಿರುವಾಗ, ಅಂದರೆ ಶುಗರ್ ಏರದೆ ಇಳಿಯದೆ ಇರುವಾಗ ತಾಳೆ ನೋಡಿದರೆ ಹೋಲಿಕೆಗೆ ಅರ್ಥವಿರುತ್ತದೆ. ರಾತ್ರಿ ಅದೇ ತೋಳಿನ ಮೇಲೆ ಮಲಗಿದ್ದಾಗ ಒತ್ತಡಕ್ಕೆ ಅಂಕಿ ಸುಮ್ಮಸುಮ್ಮನೆ ಇಳಿದು ಅಲಾರಂ ಹೊಡೆಯುವುದೂ ಉಂಟು. ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿಗೆ ಅದು ಮೇಲೆ ಬರುತ್ತದೆ. ಆದರೆ ಕೈ ನಡುಗಿ, ಬೆವರು ಕಿತ್ತು ಬರುತ್ತಿದ್ದು ಸೆನ್ಸರ್ ಮಾತ್ರ 95 ತೋರಿಸುತ್ತಿದ್ದರೆ ಅದರ ಮಾರ್ಡ್ ಎಷ್ಟೇ ಇರಲಿ, ಬೆರಳು ಚುಚ್ಚಿ ನೋಡಬೇಕು.