ಅರ್ಧ ನೀರಿಗೆ ಎಷ್ಟು ಕರೆಂಟು?

ದೊಡ್ಡ ಆಸ್ಪತ್ರೆಯೊಂದರ ಎಸಿಗೆ ತಣ್ಣೀರು ಎರಡು ಸುತ್ತುಗಳಲ್ಲಿ ಹರಿಯುತ್ತದೆ. ಪ್ರೈಮರಿ ಪಂಪು ಚಿಲ್ಲರ್ ಮೂಲಕ ನೀರು ತಿರುಗಿಸಿದರೆ, ಸೆಕೆಂಡರಿ ಪಂಪು ಅದನ್ನು ಮಹಡಿಗಳಿಗೆ ತಳ್ಳುತ್ತದೆ. ನಡುವಿನ ಅಡ್ಡಪೈಪಿನಲ್ಲಿ ಒತ್ತಡ ಇಳಿಯುವುದೇ ಇಲ್ಲವೆನ್ನಬಹುದು, ಹಾಗಾಗಿ ಚಿಲ್ಲರಿನ ಹೊರೆ ಸೆಕೆಂಡರಿ ಪಂಪಿಗೆ ತಟ್ಟುವುದಿಲ್ಲ.

ಹರಿವು ಹೆಚ್ಚಿದಂತೆ ಪಂಪಿನ ಗೆರೆ ಇಳಿಯುತ್ತದೆ, ಪೈಪುಗಳ ಗೆರೆ ಏರುತ್ತದೆ. ಎರಡೂ ಕೂಡುವಲ್ಲೇ ಪಂಪು ಓಡುತ್ತದೆ. ಅದು ಸೆಕೆಂಡಿಗೆ 100 ಲೀಟರ್, 25 ಮೀಟರ್ ಹೆಡ್ ಎನ್ನೋಣ. ಹರಿವು ಅರ್ಧವಾದರೆ ಹೆಡ್ ಕಾಲುಭಾಗ, ಶಕ್ತಿ ಎಂಟನೇ ಒಂದು ಭಾಗ ಎನ್ನುವುದುಂಟು. ವಾಲ್ವುಗಳು ಕದಲದಿದ್ದರೆ ಮಾತ್ರ ಅದು ನಿಜ.

ಇಲ್ಲಿ ಹರಿವು ತಗ್ಗುವುದೇ ವಾಲ್ವುಗಳು ಮುಚ್ಚಿಕೊಳ್ಳುವುದರಿಂದ. ಪಂಪಿನ ವೇಗ ನಿರ್ಧರಿಸುವ ಸೆನ್ಸರ್, ದೂರದ ಮಹಡಿಯಲ್ಲಿ ಸದಾ 10 ಮೀಟರ್ ಉಳಿಸಿಕೊಳ್ಳುತ್ತದೆ. ಪೈಪುಗಳ ಪಾಲಿನ 15 ಮೀಟರ್ ಮಾತ್ರ 3.75ಕ್ಕೆ ಇಳಿಯುತ್ತದೆ. ಒಟ್ಟು 13.75, ನೀರಿಗೆ ಬೇಕಾದ ಶಕ್ತಿ ಶೇ 12.5 ಅಲ್ಲ, ಶೇ 27.5. ತಂತಿ ಉಳಿಸಲೆಂದು ಸೆನ್ಸರನ್ನು ಪಂಪಿನ ಪಕ್ಕದಲ್ಲೇ ಕೂರಿಸಿದರೆ ಅದು 25 ಮೀಟರನ್ನೇ ಹಿಡಿದಿಡಬೇಕು, ಆಗ ಶೇ 50. ರಾತ್ರಿ ಹೊರೆ ಇಳಿದರೂ ಡ್ರೈವಿನ ಹರ್ಟ್ಜ್ ಅಷ್ಟಾಗಿ ಇಳಿಯದಿದ್ದರೆ, ಮೊದಲು ಸೆನ್ಸರ್ ಎಲ್ಲಿದೆ ನೋಡಿ.