ನರವೈಜ್ಞಾನಿಕ ಪರೀಕ್ಷೆ

ನರವೈಜ್ಞಾನಿಕ ಪರೀಕ್ಷೆಯು ನರರೋಗ ತಜ್ಞರು ರೋಗಿಯ ಬಳಿಯಲ್ಲಿಯೇ ನಡೆಸುವ ತಪಾಸಣೆಯಾಗಿದೆ. ಇದಕ್ಕೆ ರಬ್ಬರ್ ತಲೆಯ ಸಣ್ಣ ಸುತ್ತಿಗೆ, ಟಾರ್ಚ್, ಗುಂಡುಸೂಜಿಯಂತಹ ಸರಳ ಸಾಧನಗಳು ಸಾಕಾಗುತ್ತವೆ. ರೋಗ ಯಾವುದು ಎಂದು ನಿರ್ಧರಿಸುವ ಮೊದಲು, ದೋಷವು ನರಮಂಡಲದ ಯಾವ ಭಾಗದಲ್ಲಿದೆ ಎಂಬುದನ್ನು ಗುರುತಿಸುವುದು ಇದರ ಉದ್ದೇಶ. ಕೈಕಾಲುಗಳ ಚಲನೆಗೆ ಸಂಬಂಧಿಸಿದಂತೆ ಸ್ನಾಯುಗಳ ಬಿಗಿತ, ಬಲ, ಪರಾವರ್ತಿತ ಪ್ರತಿಕ್ರಿಯೆ ಮತ್ತು ಚಲನೆಯ ಹೊಂದಾಣಿಕೆಗಳನ್ನು ಪರೀಕ್ಷಿಸಲಾಗುತ್ತದೆ.

ಹಿನ್ನೆಲೆ

ಚಲನೆಯ ಆದೇಶವು ಎರಡು ಹಂತಗಳಲ್ಲಿ ಸಾಗುತ್ತದೆ. ಮೇಲಿನ ನರಕೋಶವು ಮೆದುಳಿನಿಂದ ಬೆನ್ನುಹುರಿಯವರೆಗೆ ಆದೇಶವನ್ನು ತರುತ್ತದೆ. ಕೆಳಗಿನ ನರಕೋಶವು ಅಲ್ಲಿಂದ ಸ್ನಾಯುವಿಗೆ ಒಯ್ಯುತ್ತದೆ. ಎರಡರಲ್ಲಿ ಯಾವುದು ಕೆಟ್ಟರೂ ಕಾಲು ದುರ್ಬಲವಾಗುತ್ತದೆ. ಆದರೆ ಕೆಳಗಿನ ನರಕೋಶ ಕೆಟ್ಟಾಗ ಕಾಲು ಸಡಿಲವಾಗಿ ಸ್ನಾಯು ಸೊರಗುತ್ತದೆ, ಪ್ರತಿಕ್ರಿಯೆ ಕುಗ್ಗುತ್ತದೆ. ಮೇಲಿನದು ಕೆಟ್ಟಾಗ ಕಾಲು ಬಿಗಿಯಾಗುತ್ತದೆ, ಪ್ರತಿಕ್ರಿಯೆ ತೀವ್ರವಾಗುತ್ತದೆ.

ಪರೀಕ್ಷೆಯ ಕ್ರಮ

ಬಿಗಿತ: ಮಲಗಿದ ರೋಗಿಗೆ ಕಾಲನ್ನು ಸಡಿಲ ಬಿಡುವಂತೆ ಹೇಳಿ, ವೈದ್ಯರು ಮಂಡಿಯ ಕೆಳಗೆ ಕೈಯಿಟ್ಟು ಅದನ್ನು ಥಟ್ಟನೆ ಮೇಲೆತ್ತುತ್ತಾರೆ. ಸಾಮಾನ್ಯವಾಗಿ ಹಿಮ್ಮಡಿಯು ಹಾಸಿಗೆಯ ಮೇಲೆಯೇ ಜಾರುತ್ತದೆ. ಬಿಗಿತ ಹೆಚ್ಚಿದ್ದರೆ ಹಿಮ್ಮಡಿಯೂ ಹಾಸಿಗೆಯಿಂದ ಮೇಲೇಳುತ್ತದೆ.

ಬಲ: ಪ್ರತಿ ಕೀಲಿನ ಬಲವನ್ನು 0ಯಿಂದ 5ರವರೆಗೆ ಅಳೆಯುತ್ತಾರೆ. ಸ್ನಾಯು ಸ್ವಲ್ಪವೂ ಸಂಕುಚಿಸದಿದ್ದರೆ 0, ಗುರುತ್ವಾಕರ್ಷಣೆಗೆ ಎದುರಾಗಿ ಅಂಗವನ್ನು ಎತ್ತಬಲ್ಲವರಾದರೆ 3, ಪೂರ್ಣ ಬಲಕ್ಕೆ 5. ನೋವಿನಿಂದಲೂ ರೋಗಿಯು ಬಲ ಹಾಕದಿರಬಹುದಾದ್ದರಿಂದ ಈ ಅಂಕವೊಂದನ್ನೇ ನೆಚ್ಚುವಂತಿಲ್ಲ.

ಪರಾವರ್ತಿತ ಪ್ರತಿಕ್ರಿಯೆ: ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವನ್ನು ಸುತ್ತಿಗೆಯಿಂದ ತಟ್ಟಿದಾಗ ಕಾಲು ಮುಂದಕ್ಕೆ ಜಿಗಿಯುತ್ತದೆ. ಇದನ್ನು ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ 1875ರಲ್ಲಿ ಪ್ರತ್ಯೇಕವಾಗಿ ವರ್ಣಿಸಿದರು. ಪ್ರತಿಕ್ರಿಯೆ ಕಾಣದಿದ್ದರೆ, ಎರಡೂ ಕೈಗಳ ಬೆರಳುಗಳನ್ನು ಕೊಂಡಿ ಹಾಕಿ ಎಳೆಯುವಂತೆ ರೋಗಿಗೆ ಹೇಳಿ ಮತ್ತೆ ತಟ್ಟುತ್ತಾರೆ. ಆತಂಕಗೊಂಡ ಆರೋಗ್ಯವಂತರಲ್ಲಿಯೂ ಪ್ರತಿಕ್ರಿಯೆ ತೀವ್ರವಾಗಿರಬಹುದು. ಆದ್ದರಿಂದ ಎಡಬಲಗಳ ನಡುವಿನ ಮತ್ತು ಕೈಕಾಲುಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚಿನ ಬೆಲೆ. ಬಳಿಕ ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮುಂದಕ್ಕೆ ಗೀರುತ್ತಾರೆ. ವಯಸ್ಕರಲ್ಲಿ ಹೆಬ್ಬೆರಳು ಮೇಲಕ್ಕೆ ಬಾಗಿದರೆ ಮೇಲಿನ ನರಕೋಶದ ಹಾದಿ ಕೆಟ್ಟಿದೆ ಎಂದರ್ಥ. ಫ್ರಾನ್ಸಿನ ಬಾಬಿನ್ಸ್ಕಿ 1896ರಲ್ಲಿ ತಿಳಿಸಿದ ಈ ಚಿಹ್ನೆಯು ಎಳೆಯ ಶಿಶುಗಳಲ್ಲಿ ಸಹಜ.

ಹೊಂದಾಣಿಕೆ: ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಮಂಡಿಯಿಂದ ಪಾದದವರೆಗೆ ಕೆಳಗಾಲಿನ ಮುಂಭಾಗದ ಮೂಳೆಯ ಮೇಲೆ ಜಾರಿಸಲು ಹೇಳುತ್ತಾರೆ. ಅನುಮಸ್ತಿಷ್ಕ ಕೆಟ್ಟಿದ್ದರೆ ಹಿಮ್ಮಡಿಯು ಅತ್ತಿತ್ತ ತಪ್ಪುತ್ತದೆ. ಬಲವಿಲ್ಲದ ಕಾಲು ಕೂಡ ತಡವರಿಸುವುದರಿಂದ ಇದನ್ನು ಬಲದ ಪರೀಕ್ಷೆಯ ನಂತರ ಮಾಡುವುದು ವಾಡಿಕೆ.

ಒಂದು ಉದಾಹರಣೆ

ಬೆನ್ನುನೋವಿರುವ ಒಬ್ಬ ವ್ಯಕ್ತಿಗೆ ಮೂರು ವಾರಗಳಿಂದ ಎರಡೂ ಕಾಲುಗಳು ಭಾರವೆನಿಸುತ್ತಿವೆ ಎಂದುಕೊಳ್ಳೋಣ. ಸೊಂಟದ ಎಂ.ಆರ್.ಐ. ಚಿತ್ರದಲ್ಲಿ ದೋಷ ಕಂಡಿಲ್ಲ. ಪರೀಕ್ಷಿಸಿದಾಗ ಕೈಗಳಲ್ಲಿ ಎಲ್ಲವೂ ಸರಿಯಾಗಿದೆ. ಕಾಲುಗಳು ಬಿಗಿಯಾಗಿವೆ, ತೊಡೆ ಎತ್ತುವ ಬಲ 3, ಮಂಡಿಯ ಪ್ರತಿಕ್ರಿಯೆ ತೀವ್ರ, ಎರಡೂ ಹೆಬ್ಬೆರಳುಗಳು ಮೇಲಕ್ಕೆ ಬಾಗುತ್ತವೆ. ಹೊಕ್ಕುಳಿನಿಂದ ಕೆಳಗೆ ಸೂಜಿಯ ಚುಚ್ಚು ಮಂದವಾಗಿದೆ.

ಬಿಗಿತ ಮತ್ತು ತೀವ್ರ ಪ್ರತಿಕ್ರಿಯೆಗಳು ದೋಷವು ಮೇಲಿನ ನರಕೋಶದಲ್ಲಿದೆ ಎನ್ನುತ್ತವೆ. ವಯಸ್ಕರಲ್ಲಿ ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ ಬಳಿ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಬೇರುಗಳು ಮಾತ್ರ. ಅವುಗಳಿಗೆ ಪೆಟ್ಟಾಗಿದ್ದರೆ ಕಾಲು ಸಡಿಲವಾಗಬೇಕಿತ್ತು. ಹೀಗಾಗಿ ದೋಷವು ಸೊಂಟಕ್ಕಿಂತ ಮೇಲಿದೆ. ಕೈಗಳು ಸರಿಯಿರುವುದರಿಂದ ಕುತ್ತಿಗೆಗಿಂತ ಕೆಳಗಿದೆ. ಹೊಕ್ಕುಳಿನ ಸ್ಪರ್ಶವು ಎದೆಭಾಗದ ಹತ್ತನೆಯ ನರಕ್ಕೆ ಸೇರಿದ್ದು. ಬೆನ್ನುಹುರಿಯ ಭಾಗಗಳು ಅದೇ ಸಂಖ್ಯೆಯ ಕಶೇರುಕಕ್ಕಿಂತ ಮೇಲಿರುವುದರಿಂದಲೂ, ಒತ್ತಡವು ಸ್ಪರ್ಶ ಕುಂದಿದ ಮಟ್ಟಕ್ಕಿಂತ ಮೇಲಿರಬಹುದಾದ್ದರಿಂದಲೂ ಇಡೀ ಎದೆಭಾಗದ ಬೆನ್ನೆಲುಬಿನ ಚಿತ್ರವನ್ನು ತುರ್ತಾಗಿ ತೆಗೆಯಬೇಕಾಗುತ್ತದೆ. ಬೆನ್ನುಮೂಳೆಯ ಕ್ಷಯ ಅಥವಾ ಗೆಡ್ಡೆಯು ಬೆನ್ನುಹುರಿಯನ್ನು ಒತ್ತುತ್ತಿದ್ದರೆ, ವಿಳಂಬದಿಂದ ನಡಿಗೆಯೂ ಮೂತ್ರದ ಹಿಡಿತವೂ ಶಾಶ್ವತವಾಗಿ ಹೋಗಬಹುದು.

ಮಿತಿಗಳು

ಬೆನ್ನುಹುರಿಗೆ ಹಠಾತ್ತನೆ ತೀವ್ರ ಪೆಟ್ಟು ಬಿದ್ದಾಗ ಮೊದಲ ಕೆಲವು ದಿನ ಅಥವಾ ವಾರಗಳವರೆಗೆ ಕಾಲು ಸಡಿಲವಾಗಿಯೇ ಇದ್ದು, ಪ್ರತಿಕ್ರಿಯೆಗಳು ಕಾಣದಿರಬಹುದು. ಬಿಗಿತವು ಅನಂತರ ಬರುತ್ತದೆ. ವೃದ್ಧರಲ್ಲಿ ಬೇರೆ ರೋಗವಿಲ್ಲದೆಯೂ ಹಿಮ್ಮಡಿಯ ಪ್ರತಿಕ್ರಿಯೆ ಕುಂದಿರಬಹುದು. ಈ ಪರೀಕ್ಷೆಯು ದೋಷದ ಸ್ಥಳವನ್ನು ಸೂಚಿಸುತ್ತದೆಯೇ ಹೊರತು, ಅದು ಕ್ಷಯವೋ ಗೆಡ್ಡೆಯೋ ಎಂಬುದನ್ನು ಚಿತ್ರಣ ಹಾಗೂ ಇತರ ಪರೀಕ್ಷೆಗಳಿಂದಲೇ ತಿಳಿಯಬೇಕು.